ಸಾಗರದ 4.4, ತೀರ್ಥಹಳ್ಳಿಯ 3.8: ಯಾರು ಮೇಲಿನ ಬ್ಯಾಂಡ್?

ಅಪ್ರೈಸಲ್ ಪಟ್ಟಿ ಮುಗಿಸುವ ಮುನ್ನ ಇದೊಂದು ಲೆಕ್ಕ ಮಾಡಿ. ಸಾಗರ ಶಾಖೆಯ ಮ್ಯಾನೇಜರ್ ಕೈ ಧಾರಾಳ: ಕೊಟ್ಟ ಅಂಕಗಳ ಸರಾಸರಿ 4.3, ಸ್ಟ್ಯಾಂಡರ್ಡ್ ಡೀವಿಯೇಷನ್ 0.3 ಎಂದಿಟ್ಟುಕೊಳ್ಳಿ. ತೀರ್ಥಹಳ್ಳಿಯವರದು ಬಿಗಿ: ಸರಾಸರಿ 3.1, ಡೀವಿಯೇಷನ್ 0.5. ಇಡೀ ಕಂಪನಿಯದು 3.6 ಮತ್ತು 0.5.

ಎಕ್ಸೆಲ್‌ನಲ್ಲಿ C ಕಾಲಂಗೆ ನೌಕರರ ಅಂಕ, D ಮತ್ತು E ಕಾಲಂಗೆ ಅವರವರ ಮ್ಯಾನೇಜರ್‌ನ ಸರಾಸರಿ, ಡೀವಿಯೇಷನ್ ತುಂಬಿ:

```
=3.6+(C2-D2)/E2*0.5
```

ಸಾಗರದ 4.4 ಈಗ 3.77 ಆಗುತ್ತದೆ, ತೀರ್ಥಹಳ್ಳಿಯ 3.8 ನೇರ 4.3ಕ್ಕೆ ಏರುತ್ತದೆ. ಕಚ್ಚಾ ಅಂಕದಲ್ಲಿ ಹಿಂದಿದ್ದವರು ಮುಂದೆ ಬಂದರು. ಬ್ಯಾಂಡಿನ ಗಡಿಯನ್ನು ಈ ಹೊಸ ಅಂಕದ ಮೇಲೇ ಹಾಕಿ.

ಎಡವುವುದು ಸಣ್ಣ ತಂಡಗಳಲ್ಲಿ. ನಾಲ್ಕೈದು ಜನರಿದ್ದಾಗ ಒಬ್ಬರ ಅಂಕ ಬದಲಾದರೂ ಡೀವಿಯೇಷನ್ ಅಲ್ಲಾಡುತ್ತದೆ. ಎಲ್ಲರಿಗೂ 4 ಕೊಟ್ಟುಬಿಟ್ಟಿದ್ದರಂತೂ ಅದು ಸೊನ್ನೆ, ಪರದೆಯಲ್ಲಿ `#DIV/0!` ಬರುತ್ತದೆ. ಹತ್ತಕ್ಕಿಂತ ಕಡಿಮೆ ಜನರಿದ್ದರೆ ನಾನು ಈ ಸೂತ್ರ ಬಳಸುವುದಿಲ್ಲ. ಮ್ಯಾನೇಜರ್ ಸರಾಸರಿಗೂ ಕಂಪನಿ ಸರಾಸರಿಗೂ ಇರುವ ಅಂತರದ ಅರ್ಧವನ್ನಷ್ಟೇ ಸರಿಪಡಿಸುತ್ತೇನೆ. ಸಾಗರದಲ್ಲಿ ನಾಲ್ಕೇ ಜನರಿದ್ದರೆ ಅಂತರ 0.7, ಹಾಗಾಗಿ ತಲಾ 0.35 ಕಳೆದರೆ ಸಾಕು.

ಇನ್ನೊಂದು: ಈ ಸೂತ್ರ ಎಲ್ಲ ತಂಡಗಳೂ ಸಮಾನ ಸಮರ್ಥರು ಎಂದೇ ನಂಬುತ್ತದೆ. ಸಾಗರದವರು ನಿಜವಾಗಿಯೂ ಚೆನ್ನಾಗಿ ದುಡಿದಿದ್ದರೆ? ಸಾಲ ವಸೂಲಿ, ದೂರಿನ ಸಂಖ್ಯೆಯಂಥ ಮ್ಯಾನೇಜರ್ ಕೈಯಲ್ಲಿಲ್ಲದ ಅಂಕಿ ತೆಗೆದು ನೋಡಿ. ಅಲ್ಲೂ ಅವರೇ ಮುಂದಿದ್ದರೆ ಪೂರ್ತಿ ಕಳೆಯಬೇಡಿ. ಬ್ಯಾಂಡ್ ಗಡಿಯಿಂದ 0.1 ಆಚೀಚೆ ಇರುವವರ ಹೆಸರನ್ನು ಮಾತ್ರ ಮ್ಯಾನೇಜರ್‌ಗಳ ಸಭೆಯಲ್ಲಿ ಚರ್ಚೆಗಿಡಿ.