ಮಾರ್ಚ್ ಬಾಡಿಗೆಯಲ್ಲಿ 7,560 ರೂಪಾಯಿ ಹಿಡಿದುಕೊಂಡ ಕಥೆ

ನಾನು ಸಂಬಳದವನು. ಬಾಡಿಗೆ ಮೇಲೆ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟೋದು, ಕಂಪನಿಗಳ ಕೆಲಸ ಅಂದುಕೊಂಡಿದ್ದೆ. 2024ರ ಸೆಪ್ಟೆಂಬರ್‌ನಲ್ಲಿ ಓನರ್ ಬಾಡಿಗೆಯನ್ನು 48,000ದಿಂದ 54,000ಕ್ಕೆ ಏರಿಸಿದರು. ಆಗ ಸಿಎ ಓದಿದ ಗೆಳೆಯ ಹೇಳಿದ: ಯಾವ ತಿಂಗಳ ಬಾಡಿಗೆ 50,000 ದಾಟುತ್ತೋ ಆ ತಿಂಗಳಿಗೆ ನೀನೇ ತೆರಿಗೆ ಹಿಡಿಯಬೇಕು. ಇದು ಹಳೆಯ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 194-ಐಬಿ. ಆಡಿಟ್ ಇಲ್ಲದ ನಮ್ಮಂಥವರಿಗೆ, ತೆರಿಗೆ ಹಿಡಿಯುವವರು ಪಡೆಯುವ ಟ್ಯಾನ್ ಸಂಖ್ಯೆಯೂ ಬೇಕಿಲ್ಲ.

ಆಗ ದರ ಶೇಕಡ 5 ಇತ್ತು. ಸೆಪ್ಟೆಂಬರ್‌ನಲ್ಲೇ 2,700 ಮುರಿದುಕೊಳ್ಳಲು ಹೊರಟಿದ್ದೆ. "ತಡಿ ಮಾರಾಯ, ಲೆಕ್ಕ ತಿಂಗಳಿಗೆ, ಕಡಿತ ವರ್ಷಕ್ಕೊಮ್ಮೆ" ಅಂದ. ಮಾರ್ಚ್ ಬಾಡಿಗೆ ಕೊಡುವಾಗ, ಇಲ್ಲವೇ ಅದಕ್ಕೂ ಮೊದಲೇ ಮನೆ ಬಿಟ್ಟರೆ ಕೊನೆಯ ತಿಂಗಳ ಬಾಡಿಗೆಯಲ್ಲಿ ಒಟ್ಟಿಗೆ ಹಿಡಿಯಬೇಕಂತೆ. ತಡೆದದ್ದು ಒಳ್ಳೆಯದೇ ಆಯ್ತು. ಅಕ್ಟೋಬರ್ 1ರಿಂದ ದರ ಶೇಕಡ 2ಕ್ಕೆ ಇಳಿಯಿತು. ಮಾರ್ಚ್‌ನಲ್ಲಿ ಹಿಡಿದಾಗ ಇಡೀ ಮೊತ್ತಕ್ಕೂ 2ರ ದರವೇ.

ನನ್ನ ಲೆಕ್ಕ ಹೀಗಿತ್ತು. ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ 48,000 ಮಿತಿಯ ಒಳಗೇ ಇತ್ತು, ಅದನ್ನು ಬಿಟ್ಟೆ. ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ಏಳು ತಿಂಗಳು, ತಲಾ 54,000. ಒಟ್ಟು 3,78,000. ಅದರ ಶೇಕಡ 2 ಅಂದರೆ 7,560. ಇಲ್ಲೊಂದು ಮಾತು: 50,000ದ ಮೇಲಿನ 4,000ಕ್ಕೆ ಮಾತ್ರ ಅಲ್ಲ, ದಾಟಿದರೆ ಪೂರ್ತಿ ಬಾಡಿಗೆಗೆ. ವಾಪಸ್ ಬರುವ ಅಡ್ವಾನ್ಸ್ ಇದರಲ್ಲಿ ಸೇರಲ್ಲ.

ಮಾರ್ಚ್ 5ಕ್ಕೆ 46,440 ಹಾಕಿದೆ. ಅರ್ಧ ಗಂಟೆಯಲ್ಲಿ ಓನರ್ ಫೋನ್. "ಏನ್ ಸಾರ್, ಬಾಡಿಗೆ ಕಮ್ಮಿ ಬಂದಿದೆಯಲ್ಲ?" ಮೊದಲೇ ಹೇಳದೆ ಇದ್ದದ್ದು ನನ್ನದೇ ತಪ್ಪು. ಈ ದುಡ್ಡು ನಿಮ್ಮ ಪ್ಯಾನ್‌ಗೇ ಜಮಾ ಆಗುತ್ತೆ, ರಿಟರ್ನ್ ಹಾಕುವಾಗ ನಿಮ್ಮ ತೆರಿಗೆಗೆ ವಜಾ ಆಗುತ್ತೆ ಅಂದ ಮೇಲೆ ಪ್ಯಾನ್ ಕಳಿಸಿದರು. ಪ್ಯಾನ್ ಕೊಡದಿದ್ದರೆ ದರ ಶೇಕಡ 20. ಆದರೂ ಕೊನೆಯ ತಿಂಗಳ ಬಾಡಿಗೆಗಿಂತ ಜಾಸ್ತಿ ಹಿಡಿಯುವಂತಿಲ್ಲ.

ಆಮೇಲೆ ಇನ್ನೊಂದು ಎಡವಟ್ಟು. ಆದಾಯ ತೆರಿಗೆ ಪೋರ್ಟಲ್‌ನ e-Pay Tax ಒಳಗೆ ಆಗ 26QC ಫಾರ್ಮ್ ತುಂಬಿ ದುಡ್ಡು ಕಟ್ಟಬೇಕಿತ್ತು. ಗಡುವು, ಹಿಡಿದ ತಿಂಗಳು ಮುಗಿದು 30 ದಿನ. ನನಗದು ಏಪ್ರಿಲ್ 30. ಊರಿಗೆ ಹೋಗಿದ್ದವನು ಮೇ 4ಕ್ಕೆ ಕಟ್ಟಿದೆ. ನಾಲ್ಕು ದಿನಕ್ಕೆ ದಿನಕ್ಕೆ 200ರಂತೆ 800 ತಡ ಶುಲ್ಕ. ಅದರ ಜೊತೆಗೆ ತಿಂಗಳಿಗೆ ಶೇಕಡ 1.5 ಬಡ್ಡಿ. ಅದನ್ನು ಗಡುವಿನಿಂದ ಅಲ್ಲ, ಹಿಡಿದ ದಿನದಿಂದ ಎಣಿಸುತ್ತಾರೆ. ಮಾರ್ಚ್, ಏಪ್ರಿಲ್, ಮೇ ಅಂತ ಮೂರು ತಿಂಗಳಿಗೆ 340 ಬಂತು. ನಾಲ್ಕು ದಿನದ ಸೋಮಾರಿತನಕ್ಕೆ 1,140 ರೂಪಾಯಿ!

ಕೊನೆಗೆ ತೆರಿಗೆ ಇಲಾಖೆಯ TRACES ತಾಣದಿಂದ, ತೆರಿಗೆ ಹಿಡಿದದ್ದಕ್ಕೆ ಕೊಡುವ 16C ಪ್ರಮಾಣಪತ್ರ ಇಳಿಸಿಕೊಂಡು ಓನರ್‌ಗೆ ವಾಟ್ಸಾಪ್ ಮಾಡಿದೆ. ಅವರು ತಮ್ಮ ಪ್ಯಾನ್‌ಗೆ ಜಮಾ ಆದ ತೆರಿಗೆಯ ಪಟ್ಟಿ 26AS ತೆರೆದು, 7,560 ಕಾಣಿಸ್ತಿದೆ ಅಂತ ಸ್ಕ್ರೀನ್‌ಶಾಟ್ ಕಳಿಸಿದರು.