d7 ಬಿಟ್ಟು ಅಲುಗಾಡಲಿಲ್ಲ, ರಾಣಿಗೆ ಆನೆ ಸಾಕಾಯ್ತು

ಹಾವೇರಿ ರ‍್ಯಾಪಿಡ್‌ನ ಕೊನೇ ಸುತ್ತು. ಚೆಸ್ ಬೋರ್ಡಿನ ಮೇಲೆ ಎದುರಾಳಿಗೆ ರಾಣಿ, ನನಗೆ ಒಂದು ಆನೆ, ಒಂದೇ ಕಾಲಾಳು. ಪಕ್ಕದ ಬೋರ್ಡಿನವರೊಬ್ಬರು ಕೂತಲ್ಲಿಂದಲೇ, "ಯಾಕ್ರೀ ಸುಮ್ನ ಕುಂತೀರಿ, ಕೈ ಕೊಟ್ಟು ಎದ್ದು ಬರ್ರಿ" ಅಂದ್ರು. ನಾನು ಏಳಲಿಲ್ಲ.

ಏಳದೇ ಇರೋಕೆ ಕಾರಣ ಹಿಂದಿನ ವರ್ಷ ಧಾರವಾಡದಲ್ಲಿ ಸೋತದ್ದು. ಅಲ್ಲೂ ಇದೇ ಲೆಕ್ಕ, ಆದರೆ ನನ್ನ ಕರಿ ಕಾಲಾಳು d6 ಮನೆಯಲ್ಲಿ, ಆನೆ e5ರಲ್ಲಿ. ಗಟ್ಟಿ ಕೋಟೆ ಅಂದುಕೊಂಡಿದ್ದೆ. ಕಾಲಾಳಿನ ಹಿಂದೆ ಎರಡು ಸಾಲು ಖಾಲಿ ಇದ್ದವಲ್ಲ, ರಾಣಿ ಅಲ್ಲಿ ನುಸುಳಿ ನನ್ನ ರಾಜನನ್ನು ಮುಂದಕ್ಕೆ ದಬ್ಬಿತು. ಕಡೆಗೆ ಒಳ್ಳೇ ನಡೆಯೇ ಉಳಿಯದೆ ಆನೆ ಜಾಗ ಬಿಟ್ಟಿತು, ಅವರ ರಾಜ ಐದನೇ ಸಾಲು ದಾಟಿದ. ಎಂಟ್ರಿ ಫೀ ಆರುನೂರು, ಮಧ್ಯಾಹ್ನದ ಊಟ ಬೇರೆ, ಎಲ್ಲ ನೀರಿಗೆ. ಇದು ಸೋಲು ಅಂತ ಫ್ರೆಂಚ್ ಚೆಸ್ ಆಟಗಾರ ಫಿಲಿಡೋರ್ 1777ರಲ್ಲೇ ತೋರಿಸಿದ್ದು ಆಮೇಲೆ ಗೊತ್ತಾಯ್ತು!

ಹಾವೇರಿಯಲ್ಲಿ ಕಾಲಾಳು d7ನಲ್ಲೇ, ಹುಟ್ಟಿದ ಮನೆಯಲ್ಲೇ ಇತ್ತು. ಆನೆ e6. ಅದಕ್ಕೆ d7 ಆಸರೆ, d7ಗೆ ರಾಜನ ಆಸರೆ. ಆರನೇ ಸಾಲು ಪೂರ್ತಿ ಆನೆಯ ಕಾವಲು, ಬಿಳಿ ರಾಜ ಒಳಗೆ ಬರೋಹಾಗಿಲ್ಲ. ಒಂಟಿ ರಾಣಿ ಹಿಂದಿನಿಂದ ಎಷ್ಟು ಚೆಕ್ ಕೊಟ್ರೂ ನನ್ನ ರಾಜ d8, e7, e8, c7 ಹೀಗೆ d7ಗೆ ಅಂಟಿಕೊಂಡೇ ತಿರುಗಿದ. ಚೆಕ್ ಇಲ್ಲದಾಗ ಆನೆ e6ರಿಂದ c6, ಮತ್ತೆ e6. ಅಷ್ಟೇ ಕೆಲಸ. ಸುಮಾರು ಇಪ್ಪತ್ತನೇ ನಡೆಗೆ ಒಮ್ಮೆ ಕೈ b8 ಕಡೆ ಹೋಗಿತ್ತು, ತಡೆದೆ. ರಾಜ ಅಲ್ಲಿ ನಿಂತರೆ ರಾಣಿ d7 ತಿಂದು ಮುಗಿಸುತ್ತೆ, ಆನೆ ಅನಾಥ.

ಇದಕ್ಕೆ ಮೊದಲು ಹುಬ್ಬಳ್ಳಿಯಲ್ಲಿ ಗೆಳೆಯನ ಜೊತೆ ಎರಡು ವಾರ ಇದನ್ನೇ ಆಡಿದ್ದೆ. ಸುಮ್ಮನೆ ನೋಡೋಣ ಅಂತ ಅವನಿಗೂ ಒಂದು d ಕಾಲಾಳು ಕೊಟ್ಟೆ. ಅದು d5ಗೆ ಬಂತು ಅಂದ್ರೆ c6, e6 ಎರಡೂ ಮನೆಗೆ ಹೊಡೆತ, ಆನೆಗೆ ನಿಲ್ಲೋ ಜಾಗವೇ ಇಲ್ಲ. ಹತ್ತಾಟದಲ್ಲಿ ಆರೇಳು ಸೋತೆ. ಹಾಗಾಗಿ ಹಾವೇರಿಯಲ್ಲಿ ಅವರ ಕೊನೇ ಕಾಲಾಳನ್ನು ತಿಂದ ಮೇಲೇ ಈ ಗೂಡಿಗೆ ಇಳಿದೆ. ಸೋಲುತ್ತಿದ್ದ ಆಟದಿಂದ ರಾಣಿ ಕೊಟ್ಟು ಇಲ್ಲಿಗೆ ಹೇಗೆ ಇಳಿದೆ ಅಂತ ಮಾತ್ರ ಹೇಳಲ್ಲ, ಮುಂದಿನ ತಿಂಗಳು ಗದಗದಲ್ಲಿ ಇದೇ ಮುಖಗಳು ಎದುರು ಕೂರ್ತಾವೆ.

ನಡೆಗೆ ಹತ್ತು ಸೆಕೆಂಡ್ ಸೇರ್ತಿತ್ತು, ಅದಿಲ್ಲದಿದ್ರೆ ಗಡಿಯಾರವೇ ನನ್ನನ್ನು ಕೊಲ್ಲುತ್ತಿತ್ತು. ಕಾಲಾಳು ಕದಲದೆ, ಯಾರೂ ಏನೂ ತಿನ್ನದೆ ಐವತ್ತು ನಡೆ ಆದ್ರೆ ಡ್ರಾ, ಎಣಿಸಿ ಅಂತ ಆರ್ಬಿಟರ್‌ಗೆ ಹೇಳಿ ಕೂತೆ. ನಲವತ್ತರ ಹತ್ರ ಎದುರಾಳಿ ಉಸಿರು ಬಿಟ್ಟು ಡ್ರಾಗೆ ಕೈ ಚಾಚಿದರು. ಆ ಅರ್ಧ ಪಾಯಿಂಟ್‌ನಿಂದ ಸಾವಿರದೈನೂರು ರೂಪಾಯಿ ಬಹುಮಾನ. ಪಕ್ಕದ ಬೋರ್ಡಿನವರು ಬಸ್‌ಸ್ಟ್ಯಾಂಡ್‌ವರೆಗೂ ಬಂದು, "ಆ ಕಾಲಾಳು ಮುಂದ ದೂಡಿದ್ರ ಏನ್ ಆಗ್ತಿತ್ರೀ?" ಅಂತ ಕೇಳಿದರು. ಗಿರಮಿಟ್ ತಿನ್ನುತ್ತಾ ಧಾರವಾಡದ ಕಥೆ ಹೇಳಿದೆ.