ವೇದಿಕೆ ಕುಸಿದ ಮೇಲೆ ಬರೆದ ವರದಿ: ನನ್ನ ಅನುಭವ

ನಮ್ಮ ಉತ್ಸವದ ವೇದಿಕೆ ಗಾಳಿಗೆ ಕುಸಿದಾಗ "ಅನಿರೀಕ್ಷಿತ ಬಿರುಗಾಳಿ ಎಂದು ಬರೆದು ಮುಗಿಸಿಬಿಡಿ" ಎಂದು ಸಮಿತಿಯವರೆಲ್ಲ ಹೇಳಿದರು. ಮೊದಲ ವರದಿಯನ್ನು ಹಾಗೆಯೇ ಕೊಟ್ಟೆ, ಎರಡು ಪುಟ. ವಾರದೊಳಗೆ ಅದು ಅನುಮತಿ ಕೊಡುವ ಕಚೇರಿಯಿಂದ ಹಿಂದಕ್ಕೆ ಬಂತು. ಅಂಚಿನಲ್ಲಿ ಒಂದೇ ಪ್ರಶ್ನೆ: "ಗಾಳಿ ಎಷ್ಟಿತ್ತು, ಅಳೆದವರು ಯಾರು?" ನಮ್ಮಲ್ಲಿ ಗಾಳಿಮಾಪಕವೇ ಇರಲಿಲ್ಲ. ನಾವು ಕಟ್ಟಿದ್ದ ಠೇವಣಿ ಅಲ್ಲಿಯೇ ಉಳಿಯಿತು.

ಎರಡನೆಯ ವರದಿಯನ್ನು ನಮ್ಮ ತಪ್ಪಿನಿಂದಲೇ ಆರಂಭಿಸಿದೆ. ಅನುಮತಿಗೆ ಕೊಟ್ಟ ನಕ್ಷೆಯಲ್ಲಿ ವೇದಿಕೆಯ ಹಿಂಬದಿ ತೆರೆದಿತ್ತು. ಆ ದಿನ ಮಧ್ಯಾಹ್ನ ಪ್ರಾಯೋಜಕರ ಒತ್ತಾಯಕ್ಕೆ ಮಣಿದು ಅಲ್ಲಿ 10 ಮೀಟರ್ ಅಗಲ, 6 ಮೀಟರ್ ಎತ್ತರದ ಬ್ಯಾನರ್ ಕಟ್ಟಿದೆವು. ಗಾಳಿಯ ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಹತ್ತಿರದ ಹವಾಮಾನ ಕೇಂದ್ರದ ದಾಖಲೆಯಲ್ಲಿ ಆ ಹೊತ್ತಿಗೆ ಸೆಕೆಂಡಿಗೆ 15 ಮೀಟರ್ ಆಸುಪಾಸಿನ ಬೀಸು ಇತ್ತು. ಆ ವೇಗದಲ್ಲಿ ಬ್ಯಾನರ್ ಮೇಲಿನ ತಳ್ಳು ಸುಮಾರು 850 ಕಿಲೋ ಭಾರಕ್ಕೆ ಸಮ. ಬ್ಯಾನರ್ ಹೊತ್ತ ಹಿಂಬದಿಯ ಗೋಪುರಗಳ ತೂಕ, ಅವುಗಳ ಬುಡದಲ್ಲಿ ಭಾರಕ್ಕೆಂದು ಇಟ್ಟ ದಿಮ್ಮಿಗಳ ತೂಕ ಎರಡೂ ಸೇರಿ ಒಂದೂವರೆ ಟನ್ನಿನಷ್ಟು. ಒದ್ದೆ ನೆಲದಲ್ಲಿ ಅದು ತಡೆಯುವುದು ಆ ತಳ್ಳಿನ ಮುಕ್ಕಾಲಿಗಿಂತಲೂ ಕಡಿಮೆ.

ಬರೀ ಲೆಕ್ಕವನ್ನು ಯಾರೂ ನಂಬುವುದಿಲ್ಲ. ಬಾಡಿಗೆಯವರು ಸಾಮಾನು ಎತ್ತಲು ಬಂದಾಗ ನಾನು ತಡೆದು ನಿಲ್ಲಿಸಿದ್ದೆ. ಪಾದದ ತಟ್ಟೆಗಳು ಕೆಸರಿನಲ್ಲಿ ಒಂದೂವರೆ ಅಡಿ ಜಾರಿದ ಗೆರೆ ಸ್ಪಷ್ಟವಾಗಿತ್ತು. ಅಳತೆಪಟ್ಟಿ ಇಟ್ಟು ಫೋಟೋ ತೆಗೆದೆ. ಗೋಪುರ ಮೊದಲು ಜಾರಿದೆ, ಆಮೇಲೆ ವಾಲಿದೆ ಎಂಬುದಕ್ಕೆ ಅದೇ ಸಾಕ್ಷಿ. ಎತ್ತಲು ಬಿಟ್ಟಿದ್ದರೆ ಗೆರೆಯೂ ಇಲ್ಲ, ವರದಿಯೂ ಇಲ್ಲ.

ಸಮಯದ ವಿಷಯದಲ್ಲಿ ನನಗೆ ಸ್ವಲ್ಪ ಹೆಮ್ಮೆಯಿದೆ. ಪ್ರೇಕ್ಷಕರ ಏಳೆಂಟು ವಿಡಿಯೊಗಳ ಗಡಿಯಾರ ಒಂದಕ್ಕೊಂದು ಹೊಂದುತ್ತಿರಲಿಲ್ಲ. ದೀಪ ಆರಿದ ಕ್ಷಣ ಎಲ್ಲದರಲ್ಲೂ ಇತ್ತು. ಅದನ್ನೇ ಸೊನ್ನೆ ಎಂದು ಹಿಡಿದೆ. ಬ್ಯಾನರ್ ಉಬ್ಬಿದ್ದು ಅದಕ್ಕಿಂತ ಸುಮಾರು 40 ಸೆಕೆಂಡ್ ಮೊದಲು. ವಿಡಿಯೊಗಳನ್ನು ಕೊಡುವಂತೆ ಜನರನ್ನು ಒಪ್ಪಿಸಿದ ಉಪಾಯ ನನ್ನಲ್ಲಿಯೇ ಇರಲಿ.

ಆ ಗುಂಗಿನಲ್ಲೇ ಒಂದು ಟನ್ನಿನ ದಿಮ್ಮಿಗೆ ತೂಕದ ಕೊಕ್ಕೆ ಸಿಕ್ಕಿಸಿ ಎಳೆದು ನೋಡಿದೆ. ಒದ್ದೆ ಹುಲ್ಲಿನ ಮೇಲೆ 350 ಕಿಲೋಗೆ ಜಾರಿತು. ಕಾಂಕ್ರೀಟ್ ನೆಲದಲ್ಲಿ ರಬ್ಬರ್ ಹಾಸಿನ ಮೇಲೆ ಇಟ್ಟಾಗ 600ರ ಹತ್ತಿರದವರೆಗೆ ತಡೆಯಿತು. ಇನ್ನೆರಡು ಟನ್ ದಿಮ್ಮಿಗೆ ತಗಲುತ್ತಿದ್ದ ಬಾಡಿಗೆ, ವೇದಿಕೆಯ ಮುರಿದ ಟ್ರಸ್ ಚೌಕಟ್ಟಿಗೆ ನಾವು ಕಟ್ಟಿಕೊಟ್ಟ ಹಣದ ಹತ್ತನೇ ಒಂದು ಭಾಗವೂ ಆಗುತ್ತಿರಲಿಲ್ಲ. ಇಬ್ಬರು ಸ್ವಯಂಸೇವಕರ ಚಿಕಿತ್ಸೆಯ ಖರ್ಚು ಬೇರೆ.

ನಮ್ಮ ಹಳೆಯ ಯೋಜನೆಯಲ್ಲಿ "ಗಾಳಿ ಹೆಚ್ಚಾದರೆ ನಿಲ್ಲಿಸುವುದು" ಎಂದಿತ್ತು; ಎಷ್ಟಾದರೆ, ಯಾರು ಎಂದು ಇರಲಿಲ್ಲ. ವರದಿಯ ಕೊನೆಯ ಪುಟದಲ್ಲಿ ಅದನ್ನೇ ತುಂಬಿದೆ: ಗೋಪುರದ ತುದಿಯಲ್ಲಿ ಮಾಪಕ, ಗಾಳಿ ಸೆಕೆಂಡಿಗೆ 10 ಮೀಟರ್ ದಾಟಿದರೆ ಬ್ಯಾನರ್ ಕೆಳಗೆ, ಅದಕ್ಕೆ ಹೊಣೆಯಾದವರ ಹೆಸರು. ಠೇವಣಿ ವಾಪಸಾಯಿತು, ಮುಂದಿನ ಉತ್ಸವಕ್ಕೆ ಅನುಮತಿಯೂ ಸಿಕ್ಕಿತು. ಅನುಮತಿ ಕೊಡುವ ಮುನ್ನ ಅಧಿಕಾರಿ ಗಡಿಯಾರ ಹಿಡಿದು ನಿಂತರು. ನಮ್ಮ ಹುಡುಗರು ನಾಲ್ಕು ನಿಮಿಷದಲ್ಲಿ ಬ್ಯಾನರ್ ಇಳಿಸಿದರು.